‘ಕುಡಿ’ ಹೋಗಿ ‘ಗುಡಿ’ಯಾದರೆ

‘ಕುಡಿ’ ಎಂದು ಕಳುಹಿಸಿದ ಸಂದೇಶ ಆ ಕಡೆಗೆ ‘ಗುಡಿ’ ಎಂದು ತಲುಪಬೇಕಾದರೆ ದಾರಿಯಲ್ಲಿ ಎಷ್ಟು ಕೆಡಬೇಕು? ಒಂದೇ ಒಂದು ಬಿಟ್ ಕೆಟ್ಟರೆ ಸಾಕು. ಕಂಪ್ಯೂಟರುಗಳು ಕನ್ನಡದ ಪ್ರತಿ ಅಕ್ಷರವನ್ನೂ ಮೂರು ಬೈಟುಗಳಲ್ಲಿ, ಅಂದರೆ ಎಂಟೆಂಟು ಬಿಟ್‌ಗಳ ಮೂರು ಗುಂಪುಗಳಲ್ಲಿ ಇಟ್ಟುಕೊಳ್ಳುತ್ತವೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ‘ಕ’ ಮತ್ತು ‘ಗ’ ಹೀಗೆ ಕಾಣುತ್ತವೆ:

```
ಕ   11100000 10110010 10010101
ಗ   11100000 10110010 10010111
```

ಮೊದಲ ಎರಡು ಬೈಟುಗಳು ಎರಡರಲ್ಲೂ ಒಂದೇ. ಕೊನೆಯ ಬೈಟಿನಲ್ಲಿ, ಎಡದಿಂದ ಏಳನೆಯ ಮನೆಯಲ್ಲಿ ಮಾತ್ರ ವ್ಯತ್ಯಾಸ: ಅಲ್ಲಿ ‘ಕ’ಕ್ಕೆ 0, ‘ಗ’ಕ್ಕೆ 1. ತಂತಿಯ ಪಕ್ಕದಲ್ಲೊಂದು ಮೋಟಾರು ಕಿಡಿ ಹಾರಿಸಿ ಆ ಸೊನ್ನೆಯನ್ನು ಒಂದು ಮಾಡಿಬಿಟ್ಟರೆ ಕಡಿ ಗಡಿಯಾಗುತ್ತದೆ, ಕಂಡ ಗಂಡನಾಗುತ್ತಾನೆ. ಓದುವ ಮನುಷ್ಯನಾದರೆ ಸಂದರ್ಭ ನೋಡಿ ಊಹಿಸಿಕೊಳ್ಳಬಹುದು. ಯಂತ್ರಕ್ಕೆ ಎರಡೂ ಸರಿಯಾದ ಅಕ್ಷರಗಳೇ. ತನ್ನ ಕೈಗೆ ಬಂದದ್ದು ಕೆಟ್ಟಿದೆ ಎಂದು ಅದಕ್ಕೆ ತಿಳಿಯಬೇಕಾದರೆ, ಕಳುಹಿಸುವವರು ಸಂದೇಶದ ಜೊತೆಗೆ ಇನ್ನೇನನ್ನೋ ಸೇರಿಸಿ ಕಳುಹಿಸಬೇಕು.

ಅತಿ ಕಡಿಮೆ ಎಂದರೆ ಒಂದು ಬಿಟ್ ಸೇರಿಸಬಹುದು. ಅದಕ್ಕೆ ಪ್ಯಾರಿಟಿ ಬಿಟ್ ಎಂದು ಹೆಸರು. ಬೈಟಿನಲ್ಲಿರುವ ಒಂದುಗಳನ್ನು ಎಣಿಸಿ, ಸೇರಿಸುವ ಬಿಟ್ಟೂ ಸೇರಿ ಒಟ್ಟು ಸಮಸಂಖ್ಯೆಯಾಗುವಂತೆ ನೋಡಿಕೊಂಡರೆ ಅದು ಸಮ ಪ್ಯಾರಿಟಿ. ಬೆಸಸಂಖ್ಯೆಯಾಗುವಂತೆ ನೋಡಿಕೊಂಡರೆ ಬೆಸ ಪ್ಯಾರಿಟಿ. ನಮ್ಮ ‘ಕ’ದ ಕೊನೆಯ ಬೈಟು 10010101. ಅದರಲ್ಲಿ ನಾಲ್ಕು ಒಂದುಗಳಿವೆ. ನಾಲ್ಕು ಆಗಲೇ ಸಮಸಂಖ್ಯೆ, ಹಾಗಾಗಿ ಸಮ ಪ್ಯಾರಿಟಿಗೆ 0 ಸೇರಿಸಬೇಕು, ಬೆಸ ಪ್ಯಾರಿಟಿಗೆ 1. ಸಮ ಪ್ಯಾರಿಟಿಯಲ್ಲಿ ಹೊರಟದ್ದು 10010101 0 ಎಂದುಕೊಳ್ಳೋಣ. ಏಳನೆಯ ಬಿಟ್ ಕೆಟ್ಟು 10010111 0 ಎಂದು ತಲುಪಿದರೆ ಒಂದುಗಳು ಐದಾಗುತ್ತವೆ. ಸಮವಿರಬೇಕಾದಲ್ಲಿ ಬೆಸ ಬಂದಿದೆ, ಎಲ್ಲೋ ಕೆಟ್ಟಿದೆ. ಎಲ್ಲಿ ಕೆಟ್ಟಿದೆ ಎಂದು ಮಾತ್ರ ತಿಳಿಯುವುದಿಲ್ಲ; ಕೆಟ್ಟದ್ದು ಪ್ಯಾರಿಟಿ ಬಿಟ್ಟೇ ಆಗಿರಲೂಬಹುದು. ಸ್ವೀಕರಿಸಿದ ಯಂತ್ರ ಮಾಡಬಹುದಾದದ್ದು ಇಷ್ಟೇ: ಬಂದದ್ದನ್ನು ಎಸೆದು, ಇನ್ನೊಮ್ಮೆ ಕಳುಹಿಸು ಎಂದು ಕೇಳುವುದು.

ಸಮವೋ ಬೆಸವೋ, ಒಂದು ಬಿಟ್ ಕೆಟ್ಟದ್ದನ್ನು ಹಿಡಿಯುವುದರಲ್ಲಿ ಎರಡೂ ಒಂದೇ. ಹಾಗಿದ್ದ ಮೇಲೆ ಎರಡು ಬಗೆ ಯಾಕೆ ಬೇಕು? ಇದಕ್ಕೆ ಉತ್ತರ ಹಳೆಯ ಕಾಂತೀಯ ಟೇಪುಗಳಲ್ಲಿದೆ. 1952ರಲ್ಲಿ ಬಂದ ಐಬಿಎಂ 726 ಟೇಪು ಯಂತ್ರದಲ್ಲಿ ಟೇಪಿನ ಅಗಲಕ್ಕೆ ಏಳು ಸಾಲುಗಳಿದ್ದವು: ಆರು ಮಾಹಿತಿಗೆ, ಒಂದು ಪ್ಯಾರಿಟಿಗೆ. ಆ ಟೇಪುಗಳಲ್ಲಿ 1 ಎಂದರೆ ಕಾಂತೀಯ ದಿಕ್ಕು ತಿರುಗುವುದು, 0 ಎಂದರೆ ಏನೂ ಆಗದಿರುವುದು. ಸಮ ಪ್ಯಾರಿಟಿಯಲ್ಲಿ ಆರು ಸೊನ್ನೆಗಳಿಗೆ ಪ್ಯಾರಿಟಿಯೂ ಸೊನ್ನೆ. ಅಂಥ ಅಕ್ಷರ ಬರೆದ ಜಾಗಕ್ಕೂ ಖಾಲಿ ಟೇಪಿಗೂ ವ್ಯತ್ಯಾಸವೇ ಇರುವುದಿಲ್ಲ. ಅಲ್ಲೊಂದು ಅಕ್ಷರ ಇದೆ ಎಂದೇ ಓದುವ ತಲೆಗೆ ಗೊತ್ತಾಗದು. ಅದಕ್ಕಾಗಿ ಸಮ ಪ್ಯಾರಿಟಿಯಲ್ಲಿ ಬರೆಯುವಾಗ ಸೊನ್ನೆ ಎಂಬ ಅಂಕಿಯನ್ನು ಹತ್ತರ ಸಂಕೇತದಲ್ಲಿ, ಅಂದರೆ 001010 ಎಂದು ಬರೆಯುವ ಉಪಾಯ ಮಾಡಿಕೊಂಡಿದ್ದರು. ಬೆಸ ಪ್ಯಾರಿಟಿಯಲ್ಲಿ ಈ ತೊಂದರೆ ಹುಟ್ಟುವುದೇ ಇಲ್ಲ. ಒಂದುಗಳ ಸಂಖ್ಯೆ ಬೆಸವಿರಬೇಕೆಂದರೆ ಕನಿಷ್ಠ ಒಂದು ‘1’ ಇರಲೇಬೇಕು. 1964ರಲ್ಲಿ ಸಿಸ್ಟಮ್/360 ಜೊತೆ ಬಂದ ಒಂಬತ್ತು ಸಾಲಿನ ಟೇಪುಗಳಿಗೆ ಬೆಸ ಪ್ಯಾರಿಟಿಯನ್ನೇ ಆರಿಸಿಕೊಂಡರು. ಈ ಖಾಲಿಯ ಕಾಟ ಮುಂದೆ ಇನ್ನೊಂದು ವೇಷದಲ್ಲಿ ಬರುತ್ತದೆ, ನೆನಪಿರಲಿ.

ಪ್ಯಾರಿಟಿಯ ದೌರ್ಬಲ್ಯ ಕಾಣಲು ಪಕ್ಕದ ಅಕ್ಷರಕ್ಕೆ ಹೋದರೆ ಸಾಕು. ‘ಖ’ದ ಕೊನೆಯ ಬೈಟು 10010110. ‘ಕ’ದ ಕೊನೆಯ ಎರಡು ಬಿಟ್‌ಗಳು 01, ಎರಡೂ ತಿರುಗಿದರೆ 10, ಅಲ್ಲಿಗೆ ‘ಕ’ ‘ಖ’ ಆಯಿತು. ಒಂದು ‘1’ ಹೋಯಿತು, ಇನ್ನೊಂದು ಬಂತು, ಒಟ್ಟು ನಾಲ್ಕೇ ಉಳಿಯಿತು. ಪ್ಯಾರಿಟಿ ಎಣಿಸುತ್ತದೆ, ಸಮ ಇದೆ ಎನ್ನುತ್ತದೆ, ಬಿಟ್ಟುಕೊಡುತ್ತದೆ. ಎರಡು, ನಾಲ್ಕು, ಆರು ಬಿಟ್‌ಗಳು ಕೆಟ್ಟರೆ ಅದು ಯಾವತ್ತೂ ಹಿಡಿಯಲಾರದು.

ಎರಡು ಬಿಟ್ ಒಟ್ಟಿಗೆ ಕೆಡುವುದು ಅಪರೂಪ ಎಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಕಾರ್ಖಾನೆಯೊಂದರ ಮೀಟರು ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅಂಕಿಗಳನ್ನು ಕಳುಹಿಸುತ್ತಿದೆ ಎನ್ನೋಣ. ಒಂದೊಂದು ಬಿಟ್ ತಂತಿಯ ಮೇಲೆ ಇರುವುದು ಸುಮಾರು 104 ಮೈಕ್ರೋಸೆಕೆಂಡ್. ಪಕ್ಕದ ಪಂಪಿನ ಸ್ವಿಚ್ಚು ಹಾರಿಸಿದ ಕಿಡಿಯ ಗದ್ದಲ ಅರ್ಧ ಮಿಲಿಸೆಕೆಂಡ್ ಇದ್ದರೂ ಸಾಲಾಗಿ ಐದು ಬಿಟ್‌ಗಳು ಅದರಡಿ ಸಿಕ್ಕಿಕೊಳ್ಳುತ್ತವೆ. ಗದ್ದಲ ಒಂದು ಬಿಟ್ಟಿನ ಅಳತೆ ನೋಡಿಕೊಂಡು ಬರುವುದಿಲ್ಲ; ಬಂದರೆ ಗುಂಪಿಗೇ ಬಡಿಯುತ್ತದೆ. ಸಿಕ್ಕಿಬಿದ್ದ ಬಿಟ್‌ಗಳಲ್ಲಿ ಎಷ್ಟು ತಿರುಗಿದವು ಎನ್ನುವುದು ಸಮವೋ ಬೆಸವೋ ಆಗುವ ಸಂಭವ ಹೆಚ್ಚುಕಡಿಮೆ ಅರ್ಧರ್ಧ. ಹೀಗೆ ಕೆಟ್ಟ ಬೈಟುಗಳಲ್ಲಿ ಅರ್ಧದಷ್ಟು ಪ್ಯಾರಿಟಿಯ ಕಣ್ಣು ತಪ್ಪಿಸುತ್ತವೆ.

ಹಾಗಾದರೆ ಇನ್ನೂ ನಾಲ್ಕು ಬಿಟ್ ಸೇರಿಸೋಣ ಎನ್ನಬಹುದು. ಆದರೆ ಆ ನಾಲ್ಕು ಬಿಟ್‌ಗಳು ಏನನ್ನು ಹೇಳಬೇಕು? ದಾರಿ ಕಾಣಬೇಕಾದರೆ ಪ್ಯಾರಿಟಿಯನ್ನೇ ಇನ್ನೊಂದು ಕಡೆಯಿಂದ ನೋಡಬೇಕು: ಪ್ಯಾರಿಟಿ ಬಿಟ್ ಎನ್ನುವುದು ಒಂದು ಭಾಗಾಕಾರದ ಶೇಷ.

ಈ ಭಾಗಾಕಾರಕ್ಕೆ ಬೇಕಾದ ಲೆಕ್ಕ ಶಾಲೆಯದಕ್ಕಿಂತ ಸುಲಭ. ಇಲ್ಲಿ ದಶಕ ಒಯ್ಯುವುದಿಲ್ಲ, ಸಾಲ ತರುವುದಿಲ್ಲ. ಪ್ರತಿ ಮನೆಯ ವ್ಯವಹಾರ ಆ ಮನೆಯೊಳಗೇ ಮುಗಿಯುತ್ತದೆ. ಎರಡು ಬಿಟ್‌ಗಳು ಒಂದೇ ಆಗಿದ್ದರೆ ಉತ್ತರ 0, ಬೇರೆಬೇರೆ ಆಗಿದ್ದರೆ 1. ಎಂಜಿನಿಯರುಗಳು ಇದನ್ನು ಎಕ್ಸಾರ್ ಎನ್ನುತ್ತಾರೆ. ಕೂಡಿದರೂ ಕಳೆದರೂ ಒಂದೇ ಉತ್ತರ, ಆದ್ದರಿಂದ ಕೂಡಿಸುವುದು ಕಳೆಯುವುದು ಎಂಬ ಭೇದವೂ ಇಲ್ಲ. ಈಗ ‘ಕ’ದ ಬೈಟಿನ ಬಾಲಕ್ಕೆ ಒಂದು ಸೊನ್ನೆ ಹಚ್ಚಿ 11 ಎಂಬ ಭಾಜಕದಿಂದ ಭಾಗಿಸೋಣ. ಎಡಗಡೆಯ ಮೊದಲ ‘1’ರ ಕೆಳಗೆ 11 ಇಟ್ಟು ಎಕ್ಸಾರ್ ಮಾಡುವುದು, ಉಳಿದುದರಲ್ಲಿ ಮತ್ತೆ ಮೊದಲ ‘1’ ಹುಡುಕಿ ಅದೇ ಕೆಲಸ ಮಾಡುವುದು:

```
100101010
010101010
001101010
000001010
000000110
000000000
```

ಸಾಲುಗಳನ್ನು ಮೇಲಿನಿಂದ ಕೆಳಗೆ ನೋಡಿ. ಎಡತುದಿಯ ‘1’ ಒಂದೊಂದೇ ಮನೆ ಬಲಕ್ಕೆ ಸರಿಯುತ್ತದೆ. ದಾರಿಯಲ್ಲಿ ಇನ್ನೊಂದು ‘1’ ಎದುರಾದೊಡನೆ ಎರಡೂ ಅಳಿಸಿಹೋಗುತ್ತವೆ. ಹೀಗೆ ಒಂದುಗಳು ಜೋಡಿಜೋಡಿಯಾಗಿ ಮಾಯವಾಗುತ್ತಾ ಬಂದು, ಬೆಸಸಂಖ್ಯೆಯಲ್ಲಿದ್ದರೆ ಮಾತ್ರ ಕೊನೆಯ ಮನೆಯಲ್ಲೊಂದು ‘1’ ಒಂಟಿಯಾಗಿ ಉಳಿಯುತ್ತದೆ. ಇಲ್ಲಿ ನಾಲ್ಕಿದ್ದವು, ಶೇಷ 0. ಸಮ ಪ್ಯಾರಿಟಿ ಬಿಟ್ಟೂ ಅದೇ 0.

ಎರಡು ಅಂಕಿಯ ಭಾಜಕ ಒಂದು ಬಿಟ್ಟಿನ ಶೇಷ ಕೊಡುತ್ತದೆ. ಐದು ಅಂಕಿಯ ಭಾಜಕ ಇಟ್ಟುಕೊಂಡರೆ ನಾಲ್ಕು ಬಿಟ್ಟಿನ ಶೇಷ ಸಿಗುತ್ತದೆ, ಹದಿನೇಳು ಅಂಕಿಯದಕ್ಕೆ ಹದಿನಾರು. ಸಿಆರ್‌ಸಿ, ಅಂದರೆ ಸೈಕ್ಲಿಕ್ ರಿಡಂಡನ್ಸಿ ಚೆಕ್ ಎನ್ನುವುದು ಇಷ್ಟೇ. ವೆಸ್ಲಿ ಪೀಟರ್ಸನ್ ಮತ್ತು ಡಿ. ಟಿ. ಬ್ರೌನ್ 1961ರ ಜನವರಿಯಲ್ಲಿ ಅಮೆರಿಕದ ರೇಡಿಯೊ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಇದನ್ನು ವಿವರಿಸಿ ಬರೆದರು. ಈ ಭಾಗಾಕಾರಕ್ಕೆ ಕಂಪ್ಯೂಟರೇ ಬೇಕಾಗಿಲ್ಲ ಎನ್ನುವುದು ಅವರ ವಿಧಾನದ ದೊಡ್ಡ ಅನುಕೂಲ. ಶೇಷದ ಒಂದೊಂದು ಬಿಟ್ಟಿಗೆ ಒಂದೊಂದು ಕೋಶವಿರುವ ಸಾಲು, ನಡುವೆ ಒಂದೆರಡು ಎಕ್ಸಾರ್ ಗೇಟುಗಳು, ಇಷ್ಟಿದ್ದರೆ ಬಿಟ್‌ಗಳು ಒಂದೊಂದಾಗಿ ಬಂದಂತೆ ಭಾಗಾಕಾರ ತಾನಾಗಿ ನಡೆದುಕೊಂಡು ಹೋಗುತ್ತದೆ. ಇಡೀ ಸಂದೇಶ ಕೈಗೆ ಬರುವವರೆಗೆ ಕಾಯಬೇಕಿಲ್ಲ, ಭಾಗಲಬ್ಧವನ್ನು ಬರೆದಿಡಬೇಕಿಲ್ಲ. ಭಾಗಲಬ್ಧ ಯಾರಿಗೂ ಬೇಡ.

ಕೈಯಲ್ಲೇ ಒಂದು ಮಾಡಿ ನೋಡೋಣ. ಭಾಜಕ 10011. ಇದು ಕಲಿಕೆಗೆಂದು ಕಟ್ಟಿಕೊಂಡ ಸಂಖ್ಯೆಯಲ್ಲ. ಮೂವತ್ತು ಫೋನ್ ಕರೆಗಳನ್ನು ಒಟ್ಟಿಗೆ ಒಯ್ಯುವ ಇ-1 ಎಂಬ ದೂರವಾಣಿ ಲೈನುಗಳಲ್ಲಿ ಸಿಆರ್‌ಸಿ-4 ಎಂಬ ಹೆಸರಿನಲ್ಲಿ ಇದೇ ಭಾಜಕ ಬಳಕೆಯಾಗಿದೆ. ಅಲ್ಲಿ 2048 ಬಿಟ್‌ಗಳಿಗೊಮ್ಮೆ, ಅಂದರೆ ಮಿಲಿಸೆಕೆಂಡಿಗೊಮ್ಮೆ ಶೇಷ ತೆಗೆಯುತ್ತಾರೆ. ಪುಸ್ತಕಗಳಲ್ಲಿ ಈ ಭಾಜಕವನ್ನು x^4 + x + 1 ಎಂದು ಬರೆದಿರುತ್ತಾರೆ. ಹೆದರಬೇಕಾಗಿಲ್ಲ, 10011ರಲ್ಲಿ ಯಾವ ಯಾವ ಮನೆಯಲ್ಲಿ ‘1’ ಇದೆ ಎಂದು ಹೇಳುವ ಇನ್ನೊಂದು ಬಗೆ ಅದು.

ಸಂದೇಶ ನಮ್ಮ ‘ಕ’ದ ಬೈಟೇ ಇರಲಿ: 10010101. ನಾಲ್ಕು ಬಿಟ್ಟಿನ ಶೇಷ ಬರಬೇಕಾದ್ದರಿಂದ ಅದಕ್ಕೆ ಜಾಗ ಮಾಡಿಕೊಡಲು ಬಾಲಕ್ಕೆ ನಾಲ್ಕು ಸೊನ್ನೆ ಹಚ್ಚಬೇಕು. ಆಮೇಲೆ ಮೊದಲ ‘1’ರ ಕೆಳಗೆ ಭಾಜಕ ಇಟ್ಟು ಎಕ್ಸಾರ್ ಮಾಡುತ್ತಾ ಹೋಗುವುದು:

```
100101010000
10011
------------
000011010000
    10011
------------
000001001000
     10011
------------
000000000100
```

ಮೊದಲ ಹೆಜ್ಜೆಯಲ್ಲಿ 10010ರ ಕೆಳಗೆ 10011 ಬಿತ್ತು, ಕೊನೆಯ ಮನೆಯೊಂದೇ ಬೇರೆ, 00001 ಉಳಿಯಿತು. ಅಲ್ಲಿಂದ ಮುಂದಿನ ‘1’ ಇರುವುದು ಐದನೆಯ ಮನೆಯಲ್ಲಿ, ಹಾಗಾಗಿ ಭಾಜಕ ಒಮ್ಮೆಲೇ ನಾಲ್ಕು ಮನೆ ಜಿಗಿಯಿತು. ಶಾಲೆಯ ಭಾಗಾಕಾರದಲ್ಲಿ ‘ಹೋಗುತ್ತದೆಯೋ ಇಲ್ಲವೋ’ ಎಂದು ದೊಡ್ಡದು ಚಿಕ್ಕದು ಹೋಲಿಸಿ ನೋಡುತ್ತೇವಲ್ಲ, ಇಲ್ಲಿ ಆ ಪ್ರಶ್ನೆಯೇ ಇಲ್ಲ. ಎಡತುದಿಯಲ್ಲಿ ‘1’ ಇದ್ದರೆ ಹೋಗುತ್ತದೆ, ಅಷ್ಟೇ. ಹೊಸಬರು ಎಡವುವುದು ಇಲ್ಲಿಯೇ. 10010 ಎನ್ನುವುದು 10011ಕ್ಕಿಂತ ಚಿಕ್ಕದು, ಹೇಗೆ ಕಳೆಯುವುದು ಎಂದು ನಿಂತುಬಿಡುತ್ತಾರೆ. ಎಡತುದಿಯ ‘1’ ಕೊನೆಯ ನಾಲ್ಕು ಮನೆಗಳೊಳಗೆ ಬಂದಮೇಲೆ ಐದು ಅಂಕಿಯ ಭಾಜಕ ಇಡಲು ಜಾಗವಿಲ್ಲ, ಲೆಕ್ಕ ಮುಗಿಯಿತು. ಉಳಿದ ಶೇಷ 0100.

ಸೊನ್ನೆಗಳಿದ್ದ ಜಾಗದಲ್ಲಿ ಈ ಶೇಷವನ್ನು ಕೂರಿಸಿ 100101010100 ಎಂದು ಕಳುಹಿಸಬೇಕು. ಶೇಷವನ್ನು ಕಳೆದರೂ ಕೂಡಿದರೂ ಇಲ್ಲಿ ಒಂದೇ ಆದ್ದರಿಂದ ಈಗಿನ ಹನ್ನೆರಡು ಬಿಟ್‌ಗಳು 10011ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಸ್ವೀಕರಿಸುವವರು ಬಂದ ಹನ್ನೆರಡನ್ನೂ ಅದೇ ಭಾಜಕದಿಂದ ಭಾಗಿಸುತ್ತಾರೆ. ಶೇಷ 0000 ಬಂದರೆ ಸರಿ.

ಈಗ ಕಿಡಿ ಹಾರಲಿ. ಏಳನೆಯ ಬಿಟ್ ತಿರುಗಿ ‘ಕ’ ‘ಗ’ವಾಗಿ ತಲುಪಿದೆ:

```
100101110100
10011
------------
000011110100
    10011
------------
000001101100
     10011
------------
000000100000
      10011
------------
000000000110
```

ಶೇಷ 0110. ಸೊನ್ನೆಯಲ್ಲ, ಸಿಕ್ಕಿಬಿತ್ತು. ಅದಕ್ಕಿಂತ ನೋಡಬೇಕಾದದ್ದು ಕೊನೆಯಿಂದ ಎರಡನೆಯ ಉತ್ತರ, 000000100000 ಎಂಬ ಸಾಲು. ಏಳನೆಯ ಮನೆಯಲ್ಲಿ ಒಂಟಿ ‘1’. ಕೆಟ್ಟದ್ದೂ ಏಳನೆಯ ಬಿಟ್ಟೇ! ಇದು ಕಾಕತಾಳೀಯವಲ್ಲ. ಬಂದ ಬಿಟ್‌ಗಳು ಎಂದರೆ ಕಳುಹಿಸಿದ ಬಿಟ್‌ಗಳ ಮೇಲೆ ತಪ್ಪಿನ ಅಚ್ಚನ್ನು ಎಕ್ಸಾರ್ ಮಾಡಿದ್ದು. ಕಳುಹಿಸಿದ ಭಾಗ ನಿಶ್ಶೇಷವಾಗಿ ಕರಗಿಹೋಗುತ್ತದೆ, ತಪ್ಪಿನ ಅಚ್ಚು ಮಾತ್ರ ಉಳಿದು ಅದರ ಶೇಷ ನಮ್ಮ ಕೈಗೆ ಬರುತ್ತದೆ. ಸಂದೇಶ ‘ಕ’ ಇರಲಿ ಬೇರೇನೇ ಇರಲಿ, ಹನ್ನೆರಡು ಬಿಟ್‌ಗಳಲ್ಲಿ ಏಳನೆಯದು ಕೆಟ್ಟರೆ ಶೇಷ 0110ಯೇ. ಆದ್ದರಿಂದ ಸಿಆರ್‌ಸಿ ಯಾವ ತಪ್ಪನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ ಎಂದು ತಿಳಿಯಲು ಸಂದೇಶಗಳನ್ನು ಪರೀಕ್ಷಿಸುತ್ತಾ ಕೂರಬೇಕಿಲ್ಲ. ತಪ್ಪಿನ ಅಚ್ಚು ಭಾಜಕದಿಂದ ಭಾಗವಾಗುತ್ತದೆಯೇ ಎಂದು ಕೇಳಿದರೆ ಸಾಕು.

ಪ್ಯಾರಿಟಿಯ ಕಣ್ತಪ್ಪಿಸಿದ್ದ ‘ಖ’ವನ್ನು ಕೇಳೋಣ. ಏಳು ಮತ್ತು ಎಂಟನೆಯ ಬಿಟ್ ಎರಡೂ ಕೆಟ್ಟಿವೆ, ಅಚ್ಚು 000000110000. ಭಾಗಿಸಿದರೆ ಶೇಷ 0101, ಸಿಕ್ಕಿಬಿತ್ತು. ಇಷ್ಟೇ ಅಲ್ಲ, ಒತ್ತೊತ್ತಾಗಿರುವ ನಾಲ್ಕು ಮನೆಗಳೊಳಗೆ ಯಾವ ಬಿಟ್ ಹೇಗೆ ಕೆಟ್ಟರೂ ಈ ಭಾಜಕದಿಂದ ಪಾರಾಗುವುದಿಲ್ಲ. ಕಾರಣ ಸರಳ. ಅಂಥ ಅಚ್ಚು ಎಂದರೆ ಹೆಚ್ಚೆಂದರೆ ನಾಲ್ಕು ಅಂಕಿಯ ಸಂಖ್ಯೆ, ಅದರ ಬಾಲಕ್ಕೆ ಒಂದಷ್ಟು ಸೊನ್ನೆ. ನಾಲ್ಕು ಅಂಕಿಯ ಸಂಖ್ಯೆ ಐದು ಅಂಕಿಯ ಭಾಜಕದ ಗುಣಕವಾಗಲಾರದು. ಭಾಜಕದ ಕೊನೆಯ ಅಂಕಿ 1 ಆಗಿರುವುದರಿಂದ ಬಾಲದ ಸೊನ್ನೆಗಳಿಂದಲೂ ಸಹಾಯವಿಲ್ಲ. ಇದೇ ತರ್ಕ ಹದಿನಾರು ಬಿಟ್ಟಿನ ಸಿಆರ್‌ಸಿಗೆ ಹಾಕಿದರೆ, ಹದಿನಾರು ಬಿಟ್ ಉದ್ದದವರೆಗಿನ ಯಾವ ಕಿಡಿಯೂ ತಪ್ಪಿಸಿಕೊಳ್ಳದು. 9600ರ ವೇಗದಲ್ಲಿ ಅದು ಒಂದೂವರೆ ಮಿಲಿಸೆಕೆಂಡಿಗೂ ಹೆಚ್ಚು. ಕಾರ್ಖಾನೆಗಳಲ್ಲಿ 1979ರಿಂದ ಬಳಕೆಯಲ್ಲಿರುವ ಮೋಡ್‌ಬಸ್ ಪದ್ಧತಿಯಲ್ಲಿ ಪ್ರತಿ ಬೈಟಿಗೆ ಒಂದು ಪ್ಯಾರಿಟಿ, ಸಂದೇಶದ ಕೊನೆಗೆ ಹದಿನಾರು ಬಿಟ್ಟಿನ ಸಿಆರ್‌ಸಿ ಎರಡೂ ಇರುವುದು ಇಂಥ ಕಿಡಿಗಳ ನಡುವೆ ಬಾಳಬೇಕಾದ್ದರಿಂದಲೇ.

ಐದು ಮನೆ ಉದ್ದದ ತಪ್ಪು ಬಂದಾಗ ಬಾಗಿಲು ಸ್ವಲ್ಪ ತೆರೆಯುತ್ತದೆ. ತಪ್ಪಿನ ಅಚ್ಚು ಭಾಜಕವೇ ಆಗಿಬಿಟ್ಟರೆ? ‘ಕ’ದ ನಾಲ್ಕನೆಯ ಮನೆಯಿಂದ ಎಂಟನೆಯ ಮನೆಯವರೆಗೆ 10011ರ ಅಚ್ಚು ಬೀಳಲಿ, ಅಂದರೆ ನಾಲ್ಕು, ಏಳು, ಎಂಟನೆಯ ಬಿಟ್‌ಗಳು ತಿರುಗಲಿ. 10010101 ಆಗ 10000110 ಆಗುತ್ತದೆ. ಅದೂ ಅಕ್ಷರವೇ: ‘ಆ’. ಅದರ ಶೇಷ ಬೇಕಾದರೆ ಕಾಗದದ ಮೇಲೆ ತೆಗೆದು ನೋಡಿ, ‘ಕ’ಕ್ಕೆ ಬಂದಿದ್ದ 0100ಯೇ ಬರುತ್ತದೆ. ‘ಕ’ ಹೋಗಿ ‘ಆ’ ಬಂದರೂ ಸಿಆರ್‌ಸಿ-4ಕ್ಕೆ ಸುಳಿವೇ ಇಲ್ಲ.

ತಮಾಷೆಯೆಂದರೆ ಇದನ್ನು ಪ್ಯಾರಿಟಿ ಹಿಡಿಯುತ್ತದೆ. ತಿರುಗಿದ್ದು ಮೂರು ಬಿಟ್, ಬೆಸಸಂಖ್ಯೆ. ‘ಆ’ದ ಬೈಟಿನಲ್ಲಿ ಒಂದುಗಳು ಮೂರೇ. ನಾಲ್ಕು ಬಿಟ್ ಖರ್ಚುಮಾಡಿದ ಉಪಾಯ ಕಾಣದ್ದನ್ನು ಒಂದು ಬಿಟ್ಟಿನ ಉಪಾಯ ಕಂಡಿತು! ಹೀಗಾಗಲು ಕಾರಣ ಭಾಜಕದಲ್ಲೇ ಇದೆ. 10011ರಲ್ಲಿರುವ ಒಂದುಗಳು ಮೂರು, ಆದ್ದರಿಂದ ಅದು 11ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ, ಪ್ಯಾರಿಟಿ ಅದರೊಳಗೆ ಅಡಗಿಲ್ಲ. ಬೇಕಿದ್ದರೆ ಅಡಗಿಸಬಹುದು: ಇದೇ ದಶಕವಿಲ್ಲದ ಲೆಕ್ಕದಲ್ಲಿ 10011ನ್ನು 11ರಿಂದ ಗುಣಿಸಿದರೆ 110101 ಸಿಗುತ್ತದೆ. ಅದರಿಂದ ಭಾಗವಾಗುವ ಸಂಖ್ಯೆ 11ರಿಂದಲೂ ಭಾಗವಾಗಲೇಬೇಕು. ಬೆಸಸಂಖ್ಯೆಯ ತಪ್ಪುಗಳೊಂದೂ 11ರಿಂದ ಭಾಗವಾಗವು. ಹಾಗಾಗಿ ಅವೆಲ್ಲ ಸಿಕ್ಕಿಬೀಳುತ್ತವೆ. ಬೆಲೆ, ಇನ್ನೊಂದು ಬಿಟ್. ಮೋಡ್‌ಬಸ್ ಬಳಸುವ ಹದಿನೇಳು ಅಂಕಿಯ ಭಾಜಕ 11000000000000101 ಈ ಜಾತಿಯದು, ಒಂದುಗಳು ನಾಲ್ಕು. ಎತರ್ನೆಟ್ಟಿನ ಮೂವತ್ತೆರಡು ಬಿಟ್ಟಿನ ಸಿಆರ್‌ಸಿಯ ಭಾಜಕದಲ್ಲಿ ಹದಿನೈದು ಒಂದುಗಳಿವೆ, ಅದರೊಳಗೆ ಪ್ಯಾರಿಟಿ ಇಲ್ಲ.

ಸಂದೇಶ ಉದ್ದವಾದಷ್ಟೂ ಇಂಥ ಬಿರುಕುಗಳು ಹೆಚ್ಚುತ್ತವೆ. ನಮ್ಮ ಹನ್ನೆರಡು ಬಿಟ್ಟಿನ ಸಂದೇಶದಲ್ಲಿ ಯಾವುದೇ ಎರಡು ಬಿಟ್ ಕೆಟ್ಟರೂ 10011 ಹಿಡಿಯುತ್ತದೆ. ಆದರೆ ಹದಿನೈದು ಮನೆ ಅಂತರದಲ್ಲಿರುವ ಎರಡು ಬಿಟ್‌ಗಳು ಕೆಟ್ಟರೆ ಆ ಅಚ್ಚು ಇದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 2048 ಬಿಟ್‌ಗಳ ದೂರವಾಣಿ ಲೈನಿನಲ್ಲಿ ಅಂಥ ಜೋಡಿಗಳಿಗೆ ಬೇಕಾದಷ್ಟು ಜಾಗವಿದೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ಒಂದೊಂದು ತಪ್ಪನ್ನೂ ಹಿಡಿಯುವುದು ಅಲ್ಲಿನ ಉದ್ದೇಶವಲ್ಲ. ಸೆಕೆಂಡಿಗೆ ಸಾವಿರ ಪರೀಕ್ಷೆಗಳಲ್ಲಿ ಎಷ್ಟು ಸೋತವು ಎಂದು ಎಣಿಸಿ ಲೈನಿನ ಆರೋಗ್ಯ ಅಳೆಯುವುದಕ್ಕೆ ಅಷ್ಟು ಸಾಕು. ಬಿಟ್‌ಗಳು ಗೊತ್ತುಗುರಿಯಿಲ್ಲದೆ ಕಲಸಿಹೋದಾಗ ನಾಲ್ಕು ಬಿಟ್ಟಿನ ಶೇಷ ಹದಿನಾರರಲ್ಲೊಮ್ಮೆ ಮೋಸಹೋಗುತ್ತದೆ. ಹದಿನಾರು ಬಿಟ್ಟಿನದು 65,536ರಲ್ಲೊಮ್ಮೆ, ಮೂವತ್ತೆರಡು ಬಿಟ್ಟಿನದು ಸುಮಾರು 429 ಕೋಟಿಯಲ್ಲೊಮ್ಮೆ.

ಟೇಪಿನ ಖಾಲಿ ಜಾಗದ ಕಾಟ ಇನ್ನೊಂದು ವೇಷದಲ್ಲಿ ಬರುವುದು ಈಗ. ಎಲ್ಲ ಸೊನ್ನೆಗಳಿರುವ ಸಂದೇಶವನ್ನು ಯಾವುದರಿಂದ ಭಾಗಿಸಿದರೂ ಶೇಷ ಸೊನ್ನೆ. ತಂತಿ ತುಂಡಾಗಿ ಬರೀ ಸೊನ್ನೆ ಬರುತ್ತಿದ್ದರೂ ನಮ್ಮ ಲೆಕ್ಕ ಸರಿ ಎನ್ನುತ್ತದೆ. ಸಂದೇಶದ ಮುಂದೆ ಎಷ್ಟು ಸೊನ್ನೆ ಹೆಚ್ಚಾಗಿ ಸೇರಿಕೊಂಡರೂ, ಎಷ್ಟು ಕಳೆದುಹೋದರೂ ಶೇಷ ಬದಲಾಗುವುದಿಲ್ಲ. 00000000 10010101ಕ್ಕೂ 0100ಯೇ. ಇದಕ್ಕೆ ಮದ್ದು ಬೆಸ ಪ್ಯಾರಿಟಿಯ ಮದ್ದಿನಂಥದೇ. ಲೆಕ್ಕವನ್ನು ಸೊನ್ನೆಯಿಂದ ಶುರುಮಾಡದೆ ಶೇಷದ ಕೋಶಗಳಲ್ಲೆಲ್ಲ ಮೊದಲೇ ‘1’ ತುಂಬಿಟ್ಟು ಶುರುಮಾಡುವುದು. ಮೋಡ್‌ಬಸ್ ಹದಿನಾರು ಒಂದುಗಳಿಂದ, ಎತರ್ನೆಟ್ ಮೂವತ್ತೆರಡರಿಂದ ಹೊರಡುತ್ತವೆ. ಎತರ್ನೆಟ್ ಕೊನೆಯಲ್ಲಿ ಶೇಷದ ಬಿಟ್‌ಗಳನ್ನೆಲ್ಲ ತಿರುಗಿಸಿಯೂ ಕಳುಹಿಸುತ್ತದೆ.

ಈ ಮದ್ದಿನಿಂದ ಒಂದು ತಲೆನೋವೂ ಹುಟ್ಟಿದೆ. ಒಂದೇ ಭಾಜಕ ಇಟ್ಟುಕೊಂಡ ಇಬ್ಬರು ಬೇರೆಬೇರೆ ಶೇಷ ತೆಗೆಯಬಹುದು: ಒಬ್ಬರು ಸೊನ್ನೆಯಿಂದ ಹೊರಟರು, ಇನ್ನೊಬ್ಬರು ಒಂದುಗಳಿಂದ, ಒಬ್ಬರು ಬೈಟನ್ನು ಎಡದಿಂದ ಓದಿದರು, ಇನ್ನೊಬ್ಬರು ಬಲದಿಂದ. ಮೀಟರಿಗೆ ಪ್ರೋಗ್ರಾಮ್ ಬರೆಯುವವರು ದಿನಗಟ್ಟಲೆ ಕಳೆಯುವುದು ಭಾಗಾಕಾರದಲ್ಲಲ್ಲ, ಈ ಒಪ್ಪಂದಗಳಲ್ಲಿ. ಆದ್ದರಿಂದ ಪ್ರತಿ ಬಗೆಯ ಸಿಆರ್‌ಸಿಗೂ ಒಂದು ಸಾಮಾನ್ಯ ಪರೀಕ್ಷೆ ಇದೆ: 123456789 ಎಂಬ ಒಂಬತ್ತು ಅಕ್ಷರಗಳ ಶೇಷ ತೆಗೆಯುವುದು. ಮೋಡ್‌ಬಸ್ಸಿಗೆ ಹದಿನಾರರ ಅಂಕಿಪದ್ಧತಿಯಲ್ಲಿ 4B37 ಬರಬೇಕು. ಎತರ್ನೆಟ್ ಬಳಸುವ, ಜಿಪ್ ಕಡತಗಳಲ್ಲೂ ಪಿಎನ್‌ಜಿ ಚಿತ್ರಗಳಲ್ಲೂ ಇರುವ ಮೂವತ್ತೆರಡು ಬಿಟ್ಟಿನದಕ್ಕೆ CBF43926. ಪೈಥಾನ್ ಇರುವ ಯಾವ ಕಂಪ್ಯೂಟರಿನಲ್ಲೂ ನೋಡಬಹುದು:

```
import zlib
print(hex(zlib.crc32(b"123456789")))
```

ಸಿಆರ್‌ಸಿಯನ್ನು ಬೀಗ ಎಂದು ತಿಳಿದವರೂ ಇದ್ದಾರೆ. 1997ರ ವೈಫೈ ಮಾನದಂಡದಲ್ಲಿದ್ದ ಡಬ್ಲ್ಯುಇಪಿ ಎಂಬ ಭದ್ರತಾ ಪದ್ಧತಿ, ಸಂದೇಶವನ್ನು ಯಾರೂ ತಿದ್ದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಮೂವತ್ತೆರಡು ಬಿಟ್ಟಿನ ಸಿಆರ್‌ಸಿಯನ್ನೇ ನೆಚ್ಚಿಕೊಂಡಿತ್ತು. ನಮ್ಮ ಚಿಕ್ಕ ಲೆಕ್ಕವೇ ಅದರ ಗುಟ್ಟು ಬಿಟ್ಟುಕೊಡುತ್ತದೆ. ಏಳನೆಯ ಬಿಟ್ ತಿರುಗಿಸಿದರೆ ಶೇಷ 0110ಯಷ್ಟು ಬದಲಾಗುತ್ತದೆ ಎಂದು ಗೊತ್ತಿರುವವರು ಶೇಷದ ಭಾಗದ ಮೇಲೂ 0110 ಎಕ್ಸಾರ್ ಮಾಡಿದರಾಯಿತು: 0100 ಹೋಗಿ 0010 ಆಗುತ್ತದೆ, 100101110010 ನಿಶ್ಶೇಷವಾಗಿ ಭಾಗವಾಗುತ್ತದೆ. ಮೂಲ ಸಂದೇಶ ಏನೆಂದು ಅವರಿಗೆ ಗೊತ್ತಿರಬೇಕಾಗಿಯೂ ಇಲ್ಲ. ಡಬ್ಲ್ಯುಇಪಿಯ ಗೂಢಲಿಪಿಯೂ ಎಕ್ಸಾರ್‌ನಿಂದಲೇ ಆದದ್ದರಿಂದ ಮುಚ್ಚಿದ ಸಂದೇಶದ ಮೇಲೂ ಈ ಕೈಚಳಕ ನಡೆಯಿತು. ಬೊರಿಸೊವ್, ಗೋಲ್ಡ್‌ಬರ್ಗ್, ವ್ಯಾಗ್ನರ್ ಎಂಬ ಮೂವರು ಇದನ್ನು 2001ರಲ್ಲಿ ಪ್ರಕಟಿಸಿದರು.

ಯಾರ ಕೈವಾಡವೂ ಇಲ್ಲದೆ ಸಿಆರ್‌ಸಿ ತಪ್ಪಿಹೋಗುವ ಸಂದರ್ಭ ಇನ್ನೊಂದಿದೆ. ಇಂಟರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ ಹೊರಟಲ್ಲಿಂದ ತಲುಪುವವರೆಗೆ ಒಂದೇ ಸಿಆರ್‌ಸಿ ಜೊತೆಗಿರುವುದಿಲ್ಲ. ಪ್ರತಿ ರೌಟರಿನಲ್ಲಿ ಹಳೆಯದನ್ನು ಪರೀಕ್ಷಿಸಿ ಕಿತ್ತೆಸೆದು, ಮುಂದಿನ ತಂತಿಗೆ ಹೊಸದನ್ನು ಲೆಕ್ಕ ಹಾಕಿ ಹಚ್ಚುತ್ತಾರೆ. ಇವೆರಡರ ನಡುವೆ, ರೌಟರಿನ ಮೆಮೊರಿಯಲ್ಲಿದ್ದಾಗ ಬಿಟ್ ಕೆಟ್ಟರೆ ಹೊಸ ಸಿಆರ್‌ಸಿ ಕೆಟ್ಟ ಬಿಟ್ಟಿಗೇ ಸರಿಯಾಗಿ ಹೊಂದಿಕೊಳ್ಳುತ್ತದೆ. ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ 2000ದಲ್ಲಿ ನಿಜವಾದ ಜಾಲಗಳ ಪ್ಯಾಕೆಟ್ಟುಗಳನ್ನು ಹಿಡಿದು ನೋಡಿದಾಗ, 1,100ರಿಂದ 32,000 ಪ್ಯಾಕೆಟ್ಟುಗಳಿಗೊಂದು ಟಿಸಿಪಿಯ ಮೊತ್ತದ ಪರೀಕ್ಷೆಯಲ್ಲಿ ಸೋಲುತ್ತಿತ್ತು, ಅದೂ ಸಿಆರ್‌ಸಿ ಕಾವಲಿದ್ದ ತಂತಿಗಳ ಮೇಲೆ. ಕಾರಣ ಹುಡುಕಿದಾಗ ಅವರಿಗೆ ಸಿಕ್ಕ ಅಪರಾಧಿಗಳಲ್ಲಿ ತಂತಿಗಿಂತ ಹೆಚ್ಚಾಗಿ ಇದ್ದದ್ದು ಎರಡು ತುದಿಯ ಕಂಪ್ಯೂಟರುಗಳು, ಅವುಗಳ ಸಾಫ್ಟ್‌ವೇರು ಮತ್ತು ನಡುವಿನ ರೌಟರುಗಳ ಮೆಮೊರಿ.